ವರ್ಗಾವಣೆ ಕಾರ್ಡಿಗೆ ಎರಡು ಸಾಲು ಪದ್ಯ

ರಾಯಚೂರಿಂದ ಕೊಪ್ಪಳಕ್ಕೆ ವರ್ಗ ಆದ ಸಹೋದ್ಯೋಗಿಗೆ ಕಾರ್ಡು ಬರೀಬೇಕಿತ್ತು. 'ನಿಮ್ಮ ಮುಂದಿನ ಸೇವೆಗೆ ಶುಭವಾಗಲಿ' ಅಂತ ಬರೆದರೆ ನೋಟಿಸ್ ಬೋರ್ಡ್ ಓದಿದಂಗಾಗತದ. ಹಂಗಂತ 'ಇರಲಿ–ಬರಲಿ' ಪ್ರಾಸಕ್ಕೆ ಕೈ ಹಾಕಬ್ಯಾಡ್ರಿ. ಕನ್ನಡದಾಗ ವಾಕ್ಯ ಹೆಚ್ಚಾಗಿ ಕ್ರಿಯಾಪದದಲ್ಲೇ ಮುಗಿಯೋದರಿಂದ ಆ ಪ್ರಾಸ ತಾನಾಗೇ ಬೀಳತದ, ಯಾರ ಕಾರ್ಡಿಗಾದರೂ ಹೊಂದತದ.

ಮೊದಲು ಅವರದೇ ಒಂದು ಸಂಗತಿ ಹಿಡೀರಿ. ಇವರದು ಸಂಜೆ ಮಿರ್ಚಿ ಮುಂದಿನ ಹರಟೆ. 'ಹೊತ್ತು' ಅನ್ನೋ ನಾಮಪದ ಒಂದು ಸಾಲಿನ ಕೊನೆಗಿಟ್ಟು, ಇನ್ನೊಂದಕ್ಕೆ 'ಇತ್ತು' ತಂದೆ:

ಮಿರ್ಚಿಯ ತಟ್ಟೆಗೆ ಸಂಜೆಯ ಹೊತ್ತು
ನಿಮ್ಮ ಹರಟೆ ರುಚಿ ಇತ್ತು

ಪ್ರಾಸ ಸರಿ ಅದ, ಆದರೆ ಎರಡನೇ ಸಾಲು ಕುಂಟತದ. ಚಪ್ಪಾಳೆ ತಟ್ಟಿ ಓದಿದರೆ ಕೈ ಮುಂದ ಹೋಗಿ ಮಾತು ಹಿಂದ ಉಳಿತದ. ಮಾತ್ರೆ ಎಣಿಸಿ ನೋಡ್ರಿ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರೋ ಅಕ್ಷರಕ್ಕೂ ಎರಡು. ಮೇಲೆ 15, ಕೆಳಗೆ 11. ಪ್ರತಿ ಪದ ನಾಲ್ಕು ಮಾತ್ರೆಗೆ ಬರೋ ಹಂಗ ಪ್ರತ್ಯಯ ಬೆಳೆಸಿದರೆ ಸಾಕು, ಕೊನೇ ಪದ ಮೂರೇ ಇರಲಿ:

ಮಿರ್ಚಿಯ ತಟ್ಟೆಗೆ ಸಂಜೆಯ ಹೊತ್ತು
ನಿಮ್ಮಯ ಹರಟೆಯ ರುಚಿಯೂ ಇತ್ತು

ಈಗ ಎರಡೂ 15. 'ನಿಮ್ಮಯ' ಸ್ವಲ್ಪ ಹಳೇ ಕಾಲದ್ದು ಅನಸಬಹುದು, ಪದ್ಯದಾಗ ನಡೀತದ.

ಪದ್ಯದಾಗೇ ಊರು, ಹುದ್ದೆ, ಹಾರೈಕೆ ಎಲ್ಲಾ ತುರುಕಬ್ಯಾಡ್ರಿ, ಸಾಲು ಒಡೀತಾವ. 'ಕೊಪ್ಪಳದಾಗ ಒಳ್ಳೆ ಮಿರ್ಚಿ ಸಿಕ್ಕರೆ ಫೋನ್ ಮಾಡ್ರಿ ಸರ್' ಅಂತ ಕೆಳಗೆ ಗದ್ಯದಾಗೇ ಬರೆದು ಸಹಿ ಹಾಕ್ರಿ.