ಬಿಪಿ 133/91 ಅಂದ್ರೆ ಯಾವ ಸ್ಟೇಜು? ಡಾಕ್ಟ್ರ ಚೀಟಿ ಓದೋದು ಹೀಗೆ

ಡಾಕ್ಟ್ರು ಚೀಟೀಲಿ "ಬಿಪಿ 133/91, ಎಚ್‌ಟಿಎನ್ ಸ್ಟೇಜ್ 2" ಅಂತ ಬರ್ದು ಕೊಟ್ರೆ ನಮ್ ಕಣ್ಣು ಮೊದ್ಲು ಹೋಗೋದು 133ರ ಮೇಲೆ, ಅದೇನು ಅಂಥಾ ಜಾಸ್ತಿ ಅನ್ಸಲ್ಲ, ಹಂಗಾದ್ರೆ ಸ್ಟೇಜ್ 2 ಎಲ್ಲಿಂದ ಬಂತು ಅಂತ ತಲೆ ಕೆಡುತ್ತೆ. ಬಂದಿರೋದು ಕೆಳಗಿನ 91ರಿಂದ. ಎಚ್‌ಟಿಎನ್ ಅಂದ್ರೆ ಹೈಪರ್‌ಟೆನ್ಷನ್, ಅಂದ್ರೆ ಹೈ ಬಿಪಿ, ಅಷ್ಟೇ.

ಮೊದ್ಲು ಎರಡು ನಂಬರ್ ಏನು ಅಂತ ನೋಡೋಣ. ಹಾರ್ಟ್ ಒಂದ್ಸಲ ಹಿಂಡಿ ರಕ್ತ ಹೊರಗೆ ತಳ್ಳಿದಾಗ ರಕ್ತನಾಳದ ಗೋಡೆ ಮೇಲೆ ಬೀಳೋ ಒತ್ತಡ ಮೇಲಿನ ನಂಬರ್, ಅದು ಸಿಸ್ಟೋಲಿಕ್. ಹಿಂಡಿದ್ಮೇಲೆ ಹಾರ್ಟ್ ಸಡಿಲ ಆಗಿ ಮತ್ತೆ ರಕ್ತ ತುಂಬ್ಕೊಳ್ಳುತ್ತಲ್ಲ, ಆಗ್ಲೂ ನಾಳದಲ್ಲಿ ಒತ್ತಡ ಸೊನ್ನೆಗೆ ಇಳಿಯಲ್ಲ, ಹಂಗೆ ಉಳಿಯೋ ಒತ್ತಡ ಕೆಳಗಿನ ನಂಬರ್, ಅದು ಡಯಾಸ್ಟೋಲಿಕ್.

ಎರಡನೇದು, ಆ ನಂಬರ್ ಹೇಗೆ ಬಂತು ಅಂತ ನೋಡ್ಬೇಕು. ಒಂದೇ ಒಂದ್ಸಲ ಅಳೆದು ಸ್ಟೇಜ್ ಹೇಳೋದು ಸರಿಯಲ್ಲ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಕೈ ಎದೆ ಮಟ್ಟದಲ್ಲಿ ಇಟ್ಟು, ಮಾತಾಡ್ದೆ ಅಳೀಬೇಕು. ತೋಳಿಗೆ ಸುತ್ತೋ ಪಟ್ಟಿ ಚಿಕ್ಕದಾಗಿದ್ರೆ ಇಲ್ಲದ ಬಿಪಿನೂ ಜಾಸ್ತಿ ತೋರ್ಸುತ್ತೆ, ದಪ್ಪ ತೋಳಿರೋರು ಇದನ್ನ ಕೇಳಲೇಬೇಕು. ಉದಾಹರಣೆಗೆ ಒಬ್ರಿಗೆ ಒಂದೆರಡು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ಅಳೆದ್ರು ಅನ್ಕೊಳ್ಳಿ: 148/94, 134/92, 132/90. ಮೊದಲ್ನೇದು ಗಾಬರಿಗೋ ಓಡಾಡಿ ಬಂದಿದ್ದಕ್ಕೋ ಏರಿರೋದು ಮಾಮೂಲಿ, ಅದನ್ನ ಬಿಟ್ಟು ಕೊನೆ ಎರಡರ ಸರಾಸರಿ ತಗೊಂಡ್ರೆ 133/91. ಚೀಟೀಲಿ ಬಂದಿರೋದು ಇದೇ.

ಮೂರನೇದು, ಟೇಬಲ್ಲಿಗೆ ಹಾಕೋದು. ಅಮೆರಿಕದ ಹೃದಯ ತಜ್ಞರ ಸಂಘಗಳು 2017ರಲ್ಲಿ ಕೊಟ್ಟ ಲೆಕ್ಕದಲ್ಲಿ ಮೇಲಿಂದು 130ರಿಂದ 139 ಇಲ್ಲಾ ಕೆಳಗಿಂದು 80ರಿಂದ 89 ಇದ್ರೆ ಸ್ಟೇಜ್ 1, ಮೇಲಿಂದು 140 ಇಲ್ಲಾ ಕೆಳಗಿಂದು 90 ಮುಟ್ಟಿದ್ರೆ ಸ್ಟೇಜ್ 2. ಇಲ್ಲಿ "ಇಲ್ಲಾ" ಅನ್ನೋದೇ ಮುಖ್ಯ. ಎರಡು ನಂಬರ್ ಬೇರೆ ಬೇರೆ ಸ್ಟೇಜಿಗೆ ಬಿದ್ರೆ ಜಾಸ್ತಿ ಇರೋ ಸ್ಟೇಜೇ ಲೆಕ್ಕಕ್ಕೆ. 133 ಒಂದೇ ಆಗಿದ್ರೆ ಸ್ಟೇಜ್ 1, ಆದ್ರೆ 91 ಅದನ್ನ ಸ್ಟೇಜ್ 2ಕ್ಕೆ ಎಳೀತು. ಉಲ್ಟಾನೂ ಆಗುತ್ತೆ, ವಯಸ್ಸಾದೋರಲ್ಲಿ ದೊಡ್ಡ ರಕ್ತನಾಳ ಗಡುಸಾಗಿ 158/74 ಅಂತ ಬರೋದು ತುಂಬಾ ಕಾಮನ್, ಕೆಳಗಿಂದು ಚೆನ್ನಾಗಿದೆಯಲ್ಲ ಅಂತ ಬಿಡೋ ಹಾಗಿಲ್ಲ, ಅದೂ ಸ್ಟೇಜ್ 2ನೇ.

ಈಗ ಗೊಂದಲದ ವಿಷ್ಯ. ಅದೇ 133/91 ತಗೊಂಡು ಇನ್ನೊಬ್ಬ ಡಾಕ್ಟ್ರ ಹತ್ರ ಹೋದ್ರೆ ಅವ್ರು "ಗ್ರೇಡ್ 1" ಅಂತ ಬರೀಬಹುದು. ಇಬ್ರಲ್ಲಿ ಯಾರೂ ತಪ್ಪಲ್ಲ. ಅಂತರರಾಷ್ಟ್ರೀಯ ಹೈಪರ್‌ಟೆನ್ಷನ್ ಸೊಸೈಟಿಯ 2020ರ ಟೇಬಲ್ಲಲ್ಲಿ ಹೈ ಬಿಪಿ ಶುರು ಆಗೋದೇ ಮೇಲಿಂದು 140 ಇಲ್ಲಾ ಕೆಳಗಿಂದು 90 ಮುಟ್ಟಿದ್ಮೇಲೆ, ಮೇಲಿಂದು 159, ಕೆಳಗಿಂದು 99ರ ತನಕ ಗ್ರೇಡ್ 1, ಅದ್ರ ಮೇಲೆ ಗ್ರೇಡ್ 2. ಹಂಗಾಗಿ ಚೀಟೀಲಿ ಸ್ಟೇಜ್ ನೋಡಿ ಗಾಬರಿ ಆಗೋ ಮುಂಚೆ ಯಾವ ಲೆಕ್ಕ ಸರ್ ಅಂತ ಕೇಳ್ಬಿಡಿ. ಇನ್ನೊಂದು, ಕ್ಯಾನ್ಸರ್ ಸ್ಟೇಜ್ ತರ ಇದು ಹರಡಿರೋ ಲೆಕ್ಕ ಅಲ್ಲ, ಒತ್ತಡ ಎಷ್ಟಿದೆ ಅನ್ನೋದಷ್ಟೇ. ಮಾತ್ರೆ ಬೇಕೋ ಬೇಡ್ವೋ ಅನ್ನೋದಕ್ಕೆ ಡಾಕ್ಟ್ರು ಶುಗರ್, ಕಿಡ್ನಿ, ಹಾರ್ಟು, ವಯಸ್ಸು ಎಲ್ಲಾ ಸೇರ್ಸಿ ನೋಡ್ತಾರೆ.

ಒಂದು ದಿನದ ಲೆಕ್ಕಕ್ಕೆ ಸಾಮಾನ್ಯವಾಗಿ ಮುದ್ರೆ ಒತ್ತಲ್ಲ, ಇನ್ನೊಂದು ದಿನ ಮತ್ತೆ ಅಳೀತಾರೆ, ಇಲ್ಲಾ ಒಂದು ವಾರ ಮನೇಲಿ ಬೆಳಿಗ್ಗೆ ಸಂಜೆ ಅಳೆದು ಬರ್ಕೊಂಡು ಬನ್ನಿ ಅಂತಾರೆ. ಮನೇಲಿ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ಬರುತ್ತೆ, ಕ್ಲಿನಿಕ್ಕಿನ 140/90ಗೆ ಮನೇಲಿ 135/85 ಸಮ ಅಂತ ಹಿಡೀತಾರೆ.

ಈಗಾಗ್ಲೇ ಮಾತ್ರೆ ತಗೊಳ್ತಿರೋರ ಚೀಟೀಲಿ 124/76 ಇದ್ರೂ ಪಕ್ಕದಲ್ಲಿ ಎಚ್‌ಟಿಎನ್ ಅಂತ ಇರುತ್ತೆ, ಬಿಪಿ ಹೋಗಿಲ್ಲ, ಮಾತ್ರೆಯಿಂದ ಹತೋಟಿಲಿದೆ ಅಂತ ಅರ್ಥ, ನಾರ್ಮಲ್ ಬಂತು ಅಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ. ಮೇಲಿಂದು 180 ಇಲ್ಲಾ ಕೆಳಗಿಂದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದ್ರೆ, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋತ್ಹೋಗೋದು, ಕಣ್ಣು ಮಂಜಾಗೋದು ಇದ್ರೆ ಸ್ಟೇಜ್ ಲೆಕ್ಕ ಹಾಕ್ತಾ ಕೂರ್ದೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.