ಬೀದಿದೀಪದ ಟೆಂಡರ್ ಕರಡನ್ನು ನಾನು ಓದಿದ ಬಗೆ

ಪುರಸಭೆಯೊಂದರ ಟೆಂಡರ್ ಶಾಖೆಯಲ್ಲಿ ಕೆಲಸ ಮಾಡುವ ನನ್ನ ಬಳಿಗೆ ಪ್ರಕಟಣೆಗೆ ಮುನ್ನ ಕರಡುಗಳು ಕೊನೆಯ ಓದಿಗೆ ಬರುತ್ತವೆ. ಮೊದಲ ಕೆಲವು ವರ್ಷ ನಾನು ಅವುಗಳಲ್ಲಿ ಅಕ್ಷರದೋಷ, ಬಿಟ್ಟುಹೋದ ಕ್ರಮಸಂಖ್ಯೆ, ತಪ್ಪು ಪುಟಸಂಖ್ಯೆಗಳನ್ನು ತಿದ್ದಿ ಹಿಂದಿರುಗಿಸುತ್ತಿದ್ದೆ. ಹಾಗೆ ಒಂದೂ ಅಕ್ಷರದೋಷವಿಲ್ಲದೆ ಹೊರಬಿದ್ದ ಒಂದು ಟೆಂಡರ್, ವಹಿವಾಟಿನ ಷರತ್ತಿನ ಒಂದೇ ವಾಕ್ಯದ ಮೇಲೆ ತಕರಾರು ಎದ್ದು ರದ್ದಾಗಿ, ಮತ್ತೆ ಕರೆಯಬೇಕಾಯಿತು. ಆ ವಾಕ್ಯವನ್ನು ನಾನು ಎರಡು ಬಾರಿ ಓದಿದ್ದೆ. ಎರಡು ಬಾರಿಯೂ ಅದು ನನಗೆ ಸ್ಪಷ್ಟವಾಗಿಯೇ ಕಂಡಿತ್ತು, ಏಕೆಂದರೆ ಕಚೇರಿಯ ಉದ್ದೇಶವೇನೆಂದು ನನಗೆ ಮೊದಲೇ ಗೊತ್ತಿತ್ತು. ಅಂದಿನಿಂದ ನಾನು ಕರಡನ್ನು ಕಚೇರಿಯವಳಾಗಿ ಓದುವುದನ್ನು ಬಿಟ್ಟು, ಷರತ್ತಿನ ಅಂಚಿನಲ್ಲಿ ನಿಂತಿರುವ ಒಬ್ಬ ಟೆಂಡರ್‌ದಾರನಾಗಿ ಮತ್ತು ಅವನನ್ನು ಹೊರಗಿಡಲು ಬಯಸುವ ಅವನ ಪ್ರತಿಸ್ಪರ್ಧಿಯಾಗಿ ಓದುತ್ತೇನೆ. ಇಬ್ಬರಿಗೂ ಒಂದೇ ಉತ್ತರ ಸಿಕ್ಕರೆ ಮಾತ್ರ ಆ ವಾಕ್ಯವನ್ನು ಹಾಗೆಯೇ ಬಿಡುತ್ತೇನೆ. 80 ಲಕ್ಷ ರೂಪಾಯಿ ಅಂದಾಜಿನ ಬೀದಿದೀಪ ನಿರ್ವಹಣೆಯ ಕರಡೊಂದನ್ನು ಈ ರೀತಿ ಓದಿದಾಗ ಸಿಕ್ಕ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದಲು ಕೂರುವ ಮೊದಲು ಒಂದು ಖಾಲಿ ಹಾಳೆಯಲ್ಲಿ ಗೆರೆ ಎಳೆದು ಪುಟ, ಕಂಡಿಕೆ ಮತ್ತು ‘ಏನು ಹೇಳಿದೆ’ ಎಂಬ ಮೂರು ಅಂಕಣ ಮಾಡಿಕೊಳ್ಳುತ್ತೇನೆ. ಕರಡಿನಲ್ಲಿ ದಿನಾಂಕ, ಗಂಟೆ, ಮೊತ್ತ, ಅವಧಿ ಎಲ್ಲೆಲ್ಲಿ ಬಂದರೂ ಅದನ್ನು ಇದ್ದ ಮಾತಿನಲ್ಲೇ ಅಲ್ಲಿಗೆ ಇಳಿಸುತ್ತೇನೆ. ಒಂದೇ ಸಂಗತಿ ಟೆಂಡರ್ ಪ್ರಕಟಣೆಯಲ್ಲಿ, ಟೆಂಡರ್‌ದಾರರಿಗೆ ಸೂಚನೆಗಳಲ್ಲಿ, ಅನುಬಂಧದಲ್ಲಿ, ಕೊನೆಗೆ ಟೆಂಡರ್ ಸಲ್ಲಿಸುವ ಆನ್‌ಲೈನ್ ಪೋರ್ಟಲ್‌ನಲ್ಲಿ ತುಂಬುವ ವಿವರದಲ್ಲಿ, ಹೀಗೆ ನಾಲ್ಕು ಕಡೆ ಬರುತ್ತದೆ. ನಾಲ್ಕನ್ನೂ ಒಂದರ ಕೆಳಗೊಂದು ಬರೆದಾಗ ಕಾಣುವ ವ್ಯತ್ಯಾಸ ಪುಟ ತಿರುಗಿಸುತ್ತಾ ಹೋದಾಗ ಕಾಣುವುದಿಲ್ಲ.

ಆ ಹಾಳೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ಕೊನೆಯ ದಿನಾಂಕ. ಕರಡಿನ ಪ್ರಕಟಣೆಯಲ್ಲಿ ‘ಪ್ರಕಟಣೆಯ ದಿನಾಂಕದಿಂದ 30 ದಿನಗಳ ಒಳಗೆ’ ಎಂದಿತ್ತು. ಪೋರ್ಟಲ್‌ನಲ್ಲಿ ಟೆಂಡರ್ ಮೇ 9ರ ಗುರುವಾರ ಪ್ರಕಟವಾಗಬೇಕಿತ್ತು, ಪತ್ರಿಕೆಯ ಜಾಹೀರಾತು ಮೇ 12ರ ಭಾನುವಾರ ಬರಬೇಕಿತ್ತು. ಪ್ರಕಟಣೆಯ ದಿನವನ್ನೇ ಮೊದಲ ದಿನವೆಂದು ಎಣಿಸಿದರೆ ಮೂವತ್ತನೆಯ ದಿನ ಜೂನ್ 7. ಆ ದಿನವನ್ನು ಬಿಟ್ಟು ಎಣಿಸಿದರೆ ಜೂನ್ 8. ಜೂನ್ 8 ಎರಡನೇ ಶನಿವಾರ, ಕಚೇರಿಗೆ ರಜೆ; ಮರುದಿನ ಭಾನುವಾರವಾದ್ದರಿಂದ, ರಜೆಯ ಮುಂದಿನ ಕೆಲಸದ ದಿನವೆಂದರೆ ಜೂನ್ 10. ಪತ್ರಿಕೆಯಲ್ಲಿ ಬಂದ ದಿನವನ್ನೇ ಪ್ರಕಟಣೆಯ ದಿನವೆಂದು ಹಿಡಿದವನಿಗೆ ಜೂನ್ 11. ಹೀಗೆ ಒಂದು ವಾಕ್ಯದಿಂದ ನಾಲ್ಕು ದಿನಾಂಕಗಳು ಹೊರಟವು, ಮತ್ತು ನಾಲ್ಕನ್ನೂ ಗಂಭೀರವಾಗಿ ವಾದಿಸಬಹುದಿತ್ತು.

ಇಂಥ ಎಣಿಕೆಗೆ ಕಾನೂನಿನಲ್ಲಿ ನಿಯಮವಿಲ್ಲವೇ ಎಂದು ಹಲವರು ಕೇಳುತ್ತಾರೆ. ಇದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 9ನೇ ಪ್ರಕರಣದ ಪ್ರಕಾರ, ಒಂದು ದಿನ‘ದಿಂದ’ ಎಂದು ಹೇಳಿದಾಗ ಆ ಮೊದಲ ದಿನ ಎಣಿಕೆಗೆ ಸೇರುವುದಿಲ್ಲ. 10ನೇ ಪ್ರಕರಣದ ಪ್ರಕಾರ, ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಮುಂದೆ ತೆರೆಯುವ ದಿನ ಆ ಕೆಲಸ ಮಾಡಿದರೂ ಸಕಾಲಕ್ಕೆ ಮಾಡಿದಂತೆಯೇ. ಆದರೆ ಆ ನಿಯಮಗಳು ಇರುವುದು ಕಾಯ್ದೆ ಮತ್ತು ನಿಯಮಾವಳಿಗಳನ್ನು ಅರ್ಥೈಸುವುದಕ್ಕೆ. ಟೆಂಡರ್ ದಾಖಲೆ ಕಾಯ್ದೆಯಲ್ಲ, ಅದರಲ್ಲಿ ಆ ನಿಯಮ ಅನ್ವಯಿಸುತ್ತದೆಂದು ಬರೆದಿರಲೂ ಇಲ್ಲ. ಜೊತೆಗೆ ಪೋರ್ಟಲ್ ಯಾವ ನಿಯಮವನ್ನೂ ಅರ್ಥೈಸುವುದಿಲ್ಲ. ಅದರಲ್ಲಿ ತುಂಬಿದ ದಿನ, ಗಂಟೆ ಬಂದೊಡನೆ ಸಲ್ಲಿಕೆ ಮುಚ್ಚಿಹೋಗುತ್ತದೆ. ದಾಖಲೆಯ ಪ್ರಕಾರ ಜೂನ್ 10ರವರೆಗೆ ಅವಕಾಶವಿದೆ ಎಂದು ನಂಬಿ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕುಳಿತವನಿಗೆ ಪೋರ್ಟಲ್ ಶನಿವಾರವೇ ಮುಚ್ಚಿದೆ ಎಂದು ಗೊತ್ತಾದರೆ, ಅವನು ಮಾಡಿದ ತಪ್ಪಾದರೂ ಏನು?

ಆದ್ದರಿಂದ ಕೊನೆಯ ದಿನಾಂಕವನ್ನು ಎಣಿಕೆಯಾಗಿ ಬರೆಯಲು ನಾನು ಒಪ್ಪುವುದೇ ಇಲ್ಲ. ಆ ವಾಕ್ಯ ಕೊನೆಗೆ ಹೀಗಾಯಿತು: ‘ಟೆಂಡರನ್ನು ಜೂನ್ 10, ಸೋಮವಾರ ಸಂಜೆ 4.00 ಗಂಟೆಯವರೆಗೆ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಸಮಯಕ್ಕೆ ಪೋರ್ಟಲ್‌ನ ಗಡಿಯಾರವೇ ಆಧಾರ.’ ವಾರದ ಹೆಸರನ್ನು ಬರೆಯುವುದು ಅನಗತ್ಯವೆಂದು ಕೆಲವರಿಗೆ ಅನಿಸುತ್ತದೆ. ನಾನು ಅದನ್ನು ಬಿಡುವುದಿಲ್ಲ, ಏಕೆಂದರೆ ದಿನಾಂಕದ ಅಂಕಿ ಬೆರಳಚ್ಚಿನಲ್ಲಿ ತಪ್ಪಿದಾಗ ವಾರವು ಅದನ್ನು ತಕ್ಷಣ ಹಿಡಿದುಕೊಡುತ್ತದೆ. ‘12 ಗಂಟೆ’ ಎಂಬುದನ್ನೂ ಬರೆಯಗೊಡುವುದಿಲ್ಲ. ಅದು ಮಧ್ಯಾಹ್ನವೋ ಮಧ್ಯರಾತ್ರಿಯೋ ಎಂಬ ಪ್ರಶ್ನೆ ಏಳುತ್ತದೆ, ಮಧ್ಯರಾತ್ರಿಯಾದರೆ ಅದು ಆ ದಿನ ಆರಂಭವಾಗುವ ಕ್ಷಣವೋ ಮುಗಿಯುವ ಕ್ಷಣವೋ ಎಂಬ ಇನ್ನೊಂದು ಪ್ರಶ್ನೆಯೂ ಏಳುತ್ತದೆ.

ಅರ್ಹತೆಯ ಷರತ್ತಿನಲ್ಲಿ ತೊಡಕು ಇನ್ನೂ ಆಳವಾಗಿತ್ತು. ಕರಡಿನ ವಾಕ್ಯ ಇದು: ‘ಟೆಂಡರ್‌ದಾರರು ಕಳೆದ ಮೂರು ವರ್ಷಗಳಲ್ಲಿ ಕನಿಷ್ಠ ರೂ. 24 ಲಕ್ಷ ವಾರ್ಷಿಕ ವಹಿವಾಟು ಹೊಂದಿರತಕ್ಕದ್ದು.’ ಇದನ್ನು ಪರೀಕ್ಷಿಸಲು ನಾನು ಕಾಗದದ ಮೇಲೆ ಒಬ್ಬ ಗುತ್ತಿಗೆದಾರನನ್ನು ಕಲ್ಪಿಸಿಕೊಂಡೆ. ಅವನ ವಹಿವಾಟು ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 12, 15, 20 ಮತ್ತು 40 ಲಕ್ಷ. ಕೊನೆಯದು ಆಗತಾನೇ ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಕೊನೆಯ ಮೂರು ವರ್ಷಗಳ ಸರಾಸರಿ 25 ಲಕ್ಷವಾಗುವುದರಿಂದ ಸರಾಸರಿಯ ಲೆಕ್ಕದಲ್ಲಿ ಅವನು ಅರ್ಹ. ಪ್ರತಿ ವರ್ಷವೂ 24 ಲಕ್ಷ ಇರಬೇಕೆಂದರೆ ಅನರ್ಹ. ಯಾವುದಾದರೂ ಒಂದು ವರ್ಷ ಸಾಕೆಂದರೆ ಮತ್ತೆ ಅರ್ಹ. ಇಲ್ಲಿಗೂ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಹಿಂದಿನ ವರ್ಷದ ಲೆಕ್ಕಪರಿಶೋಧನೆ ಬಹುತೇಕರಿಗೆ ಮುಗಿದಿರುವುದಿಲ್ಲ. ಲೆಕ್ಕಪರಿಶೋಧಿತ ವರ್ಷಗಳನ್ನೇ ಪರಿಗಣಿಸುವುದಾದರೆ ಅವನ ಮೂರು ವರ್ಷಗಳು 12, 15, 20 ಆಗುತ್ತವೆ, ಸರಾಸರಿ 15.67 ಲಕ್ಷಕ್ಕೆ ಇಳಿದು ಅವನು ಸರಾಸರಿಯ ಲೆಕ್ಕದಲ್ಲೂ ಹೊರಗುಳಿಯುತ್ತಾನೆ.

ಈ ಅಂಕಿಗಳಿರುವ ಹಾಳೆಯನ್ನು ಎಂಜಿನಿಯರ್ ಮತ್ತು ಲೆಕ್ಕಿಗರ ಮುಂದಿಟ್ಟು, ಈ ವ್ಯಕ್ತಿ ಅರ್ಹನೋ ಅಲ್ಲವೋ ಎಂದಷ್ಟೇ ಕೇಳಿದೆ. ‘ಸರಾಸರಿ ಅಂತಲೇ ಅರ್ಥ ಮೇಡಂ, ಅದು ಎಲ್ಲರಿಗೂ ಗೊತ್ತಿರುವುದೇ’ ಎಂದರು ಎಂಜಿನಿಯರ್. ‘ಇಲ್ಲ ಸರ್, ವಾರ್ಷಿಕ ಎಂದ ಮೇಲೆ ಪ್ರತಿ ವರ್ಷವೂ ಇರಲೇಬೇಕು’ ಎಂದರು ಲೆಕ್ಕಿಗರು. ಆಮೇಲೆ ವಾಕ್ಯ ಅಸ್ಪಷ್ಟವಾಗಿದೆ ಎಂದು ನಾನು ವಾದಿಸಬೇಕಾಗಲಿಲ್ಲ.

ಮೂಲ ಹುಡುಕಿದಾಗ, ಈ ಷರತ್ತು ಕೇಂದ್ರ ಜಾಗೃತ ಆಯೋಗದ 2002ರ ಸುತ್ತೋಲೆಯ ಮಾದರಿಯಿಂದ ಅರ್ಧ ಎತ್ತಿಕೊಂಡದ್ದೆಂದು ತಿಳಿಯಿತು. ಅಲ್ಲಿ ‘ಹಿಂದಿನ ಹಣಕಾಸು ವರ್ಷದ ಮಾರ್ಚ್ 31ಕ್ಕೆ ಮುಗಿದ ಮೂರು ವರ್ಷಗಳ ಸರಾಸರಿ ವಾರ್ಷಿಕ ವಹಿವಾಟು ಅಂದಾಜು ವೆಚ್ಚದ ಶೇ. 30’ ಎಂಬರ್ಥದ ಮಾತಿದೆ. 80 ಲಕ್ಷದ ಶೇ. 30 ಎಂದರೆ ನಮ್ಮ 24 ಲಕ್ಷ. ನಕಲು ಮಾಡಿದವರು ಮೊತ್ತವನ್ನು ಉಳಿಸಿಕೊಂಡು ‘ಸರಾಸರಿ’ಯನ್ನೂ ‘ಮಾರ್ಚ್ 31’ನ್ನೂ ಕೈಬಿಟ್ಟಿದ್ದರು. ಕೆಲಸದ ಅನುಭವದ ಷರತ್ತಿಗೂ ಇದೇ ಗತಿಯಾಗಿತ್ತು: ‘ಕಳೆದ 7 ವರ್ಷಗಳಲ್ಲಿ’ ಎಂದಿತ್ತು, ಆದರೆ ಆ ಏಳು ವರ್ಷ ಯಾವ ದಿನಕ್ಕೆ ಮುಗಿಯುತ್ತದೆಂದು ಇರಲಿಲ್ಲ. ಆಯೋಗದ ಮಾದರಿಯಲ್ಲಿ ಅದು ಟೆಂಡರ್ ಕರೆದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನ. ಅದರಂತೆ ನಮ್ಮದು ಏಪ್ರಿಲ್ 30 ಎಂದಾಯಿತು.

ಕನ್ನಡದ ವಾಕ್ಯರಚನೆಯಿಂದಲೇ ಹುಟ್ಟುವ ಒಂದು ಅಸ್ಪಷ್ಟತೆಯಿದೆ. ಇಂಗ್ಲಿಷ್ ಪ್ರತಿಯನ್ನಷ್ಟೇ ಪರಿಶೀಲಿಸುವವರ ಕಣ್ಣಿಗೆ ಅದು ಬೀಳುವುದಿಲ್ಲ. ‘ವಿದ್ಯುತ್ ಪರವಾನಗಿ ಹೊಂದಿರುವ ಗುತ್ತಿಗೆದಾರರು ಮತ್ತು ಸಂಸ್ಥೆಗಳು ಭಾಗವಹಿಸಬಹುದು’ ಎಂದು ಕರಡಿನಲ್ಲಿತ್ತು. ‘ಹೊಂದಿರುವ’ ಎಂಬ ವಿಶೇಷಣ ಗುತ್ತಿಗೆದಾರರಿಗೆ ಮಾತ್ರವೋ, ಸಂಸ್ಥೆಗಳಿಗೂ ಸೇರಿಯೋ? ನಮ್ಮ ಭಾಷೆಯಲ್ಲಿ ವಿಶೇಷಣ ಮೊದಲು ಬಂದು ನಾಮಪದಗಳು ಅದರ ನಂತರ ಸಾಲಾಗಿ ನಿಲ್ಲುವುದರಿಂದ ಅದು ಎಲ್ಲಿಯವರೆಗೆ ಚಾಚುತ್ತದೆಂದು ಓದುಗನೇ ಊಹಿಸಬೇಕಾಗುತ್ತದೆ. ಇಂಥ ಕಡೆ ನಾನು ವಾಕ್ಯವನ್ನು ಒಡೆಯುತ್ತೇನೆ: ‘ಗುತ್ತಿಗೆದಾರರು ಮತ್ತು ಸಂಸ್ಥೆಗಳು ಭಾಗವಹಿಸಬಹುದು. ಇಬ್ಬರೂ ವಿದ್ಯುತ್ ಪರವಾನಗಿ ಹೊಂದಿರತಕ್ಕದ್ದು.’ ಓದುವಾಗ ಸೊಗಸು ಕಡಿಮೆಯೇ, ಆದರೆ ಪರವಾನಗಿಯಿಲ್ಲದ ಸಂಸ್ಥೆಯೊಂದು ಬಂದು ಜಗಳಕ್ಕೆ ನಿಲ್ಲಲು ಎಡೆಯಿರುವುದಿಲ್ಲ.

ಸಲ್ಲಿಕೆಯ ವಿಧಾನದ ಪುಟಗಳಲ್ಲಿ ಹಳೆಯ ಕಾಲದ ಮಾತುಗಳು ಉಳಿದುಕೊಂಡಿರುತ್ತವೆ. ಈ ಕರಡಿನಲ್ಲೂ ಆನ್‌ಲೈನ್ ಸಲ್ಲಿಕೆಯ ಸೂಚನೆಯ ಎರಡು ಪುಟ ಆಚೆಗೆ ‘ಅರಗಿನ ಮುದ್ರೆ ಒತ್ತಿದ ಲಕೋಟೆ’ ಬಂದಿತ್ತು. ಅದನ್ನು ತೆಗೆಯುವುದು ಸುಲಭವಿತ್ತು. ನನ್ನನ್ನು ಹೆಚ್ಚು ಹೊತ್ತು ಹಿಡಿದದ್ದು ಕ್ರಿಯಾಪದಗಳು. ಪೋರ್ಟಲ್‌ನಲ್ಲೂ ಅರ್ಹತೆಯ ದಾಖಲೆಗಳ ಭಾಗಕ್ಕೆ ಮೊದಲ ಲಕೋಟೆ ಎಂದೇ ಹೆಸರು; ಒಂದು ಕಂಡಿಕೆಯಲ್ಲಿ ‘ಮೊದಲ ಲಕೋಟೆಯಲ್ಲಿ ದರ ನಮೂದಿಸಿದರೆ ಟೆಂಡರನ್ನು ತಿರಸ್ಕರಿಸಲಾಗುವುದು’ ಎಂದಿತ್ತು, ಇನ್ನೊಂದರಲ್ಲಿ ‘ಪ್ರತಿ ಪುಟಕ್ಕೂ ಸಹಿ ಇಲ್ಲದಿದ್ದರೆ ತಿರಸ್ಕರಿಸಬಹುದು’, ಮತ್ತೊಂದರಲ್ಲಿ ‘ದೃಢೀಕೃತ ಪ್ರತಿಗಳನ್ನು ಲಗತ್ತಿಸತಕ್ಕದ್ದು’ ಎಂದಷ್ಟೇ. ಮೊದಲನೆಯದರಲ್ಲಿ ಆಯ್ಕೆಯಿಲ್ಲ. ಎರಡನೆಯದರಲ್ಲಿ ಸಮಿತಿ ಒಬ್ಬನನ್ನು ತಿರಸ್ಕರಿಸಿ ಇನ್ನೊಬ್ಬನನ್ನು ಉಳಿಸಿಕೊಂಡರೆ ಅದಕ್ಕೆ ಕಾರಣ ಕೊಡುವುದು ಕಷ್ಟ. ಮೂರನೆಯದರಲ್ಲಿ ಕರ್ತವ್ಯವಿದೆ, ತಪ್ಪಿದರೆ ಏನಾಗುತ್ತದೆಂಬುದಿಲ್ಲ. ದೃಢೀಕರಿಸಬೇಕಾದವರು ನೋಟರಿಯೋ, ಪತ್ರಾಂಕಿತ ಅಧಿಕಾರಿಯೋ, ಟೆಂಡರ್‌ದಾರನೇ ಸಹಿ ಹಾಕಿದರೆ ಸಾಕೋ ಎಂಬುದೂ ಇಲ್ಲ.

ಇಲ್ಲಿ ಕರಡು ತಿದ್ದುವವಳು ನಿಲ್ಲಬೇಕಾದ ಗೆರೆ ಇದೆ. ಪುಟದ ಸಹಿ ಇಲ್ಲದಿದ್ದರೆ ತಿರಸ್ಕರಿಸಬೇಕೋ ಬೇಡವೋ ಎಂಬುದು ಕಚೇರಿಯ ತೀರ್ಮಾನ, ನನ್ನದಲ್ಲ. ನಾನಾಗಿ ‘ಬಹುದು’ವನ್ನು ‘ಲಾಗುವುದು’ ಎಂದು ಬದಲಿಸಿದರೆ ಷರತ್ತನ್ನೇ ಬದಲಿಸಿದಂತಾಗುತ್ತದೆ. ಹಾಗಾಗಿ ಅಂಚಿನಲ್ಲಿ ಪ್ರಶ್ನೆ ಬರೆದು, ಎರಡೂ ಅರ್ಥಗಳ ಪರಿಣಾಮವನ್ನು ಒಂದೊಂದು ಸಾಲಿನಲ್ಲಿ ತಿಳಿಸಿ, ಮುಖ್ಯಾಧಿಕಾರಿಗಳ ಸಹಿಗೆ ಕಡತ ಕಳುಹಿಸಿದೆ. ಡಿಜಿಟಲ್ ಸಹಿಯೊಂದಿಗೆ ಸಲ್ಲಿಕೆಯಾಗುವ ಟೆಂಡರ್‌ಗೆ ಪ್ರತಿ ಪುಟದ ಶಾಯಿ ಸಹಿ ಬೇಡವೆಂದು ಅವರು ಆ ಕಂಡಿಕೆಯನ್ನೇ ಕೈಬಿಟ್ಟರು. ಪ್ರತಿಗಳನ್ನು ಟೆಂಡರ್‌ದಾರನೇ ದೃಢೀಕರಿಸಿದರೆ ಸಾಕೆಂದು ಬರೆಸಿದರು.

ಅಸ್ಪಷ್ಟ ಷರತ್ತಿಗೆ ಕಚೇರಿ ಆಮೇಲೆ ಅರ್ಥ ಹೇಳಿಕೊಳ್ಳಬಹುದಲ್ಲ ಎಂಬ ಮಾತನ್ನು ನಾನು ಪದೇ ಪದೇ ಕೇಳಿದ್ದೇನೆ. ಟೆಂಡರ್ ದಾಖಲೆಯನ್ನು ಬರೆದವರೇ ಅದರ ಅಗತ್ಯಗಳನ್ನು ಚೆನ್ನಾಗಿ ಬಲ್ಲರು ಎಂದು 2016ರಲ್ಲಿ ಅಫ್ಕಾನ್ಸ್ ಮತ್ತು ನಾಗಪುರ ಮೆಟ್ರೋ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ ದುರುದ್ದೇಶ ಅಥವಾ ತೀರಾ ಅಸಂಗತವಾದ ಅರ್ಥೈಸುವಿಕೆ ಕಂಡರೆ ಮಧ್ಯಪ್ರವೇಶಿಸುವ ಅವಕಾಶವನ್ನು ಅದೇ ತೀರ್ಪು ಉಳಿಸಿಕೊಂಡಿದೆ. ಅಲ್ಲದೆ ಷರತ್ತನ್ನು ಓದಿ ತಾನು ಅನರ್ಹನೆಂದು ತಿಳಿದು ಟೆಂಡರ್ ಹಾಕದೇ ಉಳಿದವನ ಹೆಸರು ಯಾವ ಕಡತದಲ್ಲೂ ಬರುವುದಿಲ್ಲ. ಅವನಿಗೆ ಆದ ಅನ್ಯಾಯವನ್ನು ಯಾವ ವ್ಯಾಖ್ಯಾನವೂ ಸರಿಪಡಿಸಲಾರದು.

ಸಲ್ಲಿಕೆಗೆ ಮುನ್ನ ಟೆಂಡರ್‌ದಾರರ ಪ್ರಶ್ನೆಗಳಿಗೆ ಉತ್ತರಿಸುವ ಪ್ರಿ-ಬಿಡ್ ಸಭೆಯ ನಂತರ ಬೀದಿದೀಪದ ಟೆಂಡರ್‌ಗೆ ಒಂದೇ ತಿದ್ದುಪಡಿ ಹೊರಡಿಸಬೇಕಾಯಿತು: ಸಲ್ಲಿಕೆಯ ಅವಧಿ ಜೂನ್ 17, ಸೋಮವಾರದವರೆಗೆ ಮುಂದುವರಿಯಿತು. ನನ್ನ ಮೂರು ಅಂಕಣದ ಹಾಳೆಯನ್ನು ಮತ್ತೆ ಹೊರತೆಗೆದು ಜೂನ್ 10 ಎಂದು ಬರೆದಿದ್ದ ಎಲ್ಲ ಸಾಲುಗಳನ್ನೂ ಹುಡುಕಿದೆ. ಪ್ರಕಟಣೆ, ಸೂಚನೆ, ಪೋರ್ಟಲ್ ಮೂರನ್ನೂ ಶಾಖೆಯವರು ಬದಲಿಸಿದ್ದರು. ಅನುಬಂಧದ ಪ್ರಮಾಣಪತ್ರದ ನಮೂನೆಯಲ್ಲಿ ಮಾತ್ರ ‘ಜೂನ್ 10ರಂದು ಸಲ್ಲಿಸಿರುವ ಟೆಂಡರ್’ ಎಂಬ ಅಚ್ಚಾದ ಸಾಲು ಹಾಗೇ ಉಳಿದಿತ್ತು. ಅದನ್ನೂ ಅದೇ ತಿದ್ದುಪಡಿಗೆ ಸೇರಿಸಿ, ಕಡತವನ್ನು ಮತ್ತೆ ಸಹಿಗೆ ಇಟ್ಟೆ.