ಕೆಲಸ ಕೊಡದ ಕಾರ್ಖಾನೆಯಲ್ಲಿ ಗಾಳಿ ಸೋರಿಕೆ ಹಿಡಿದ ನನ್ನ ಅನುಭವ

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಎಂಟನೇ ಸೆಮಿಸ್ಟರಿನ ಇಂಟರ್ನ್‌ಶಿಪ್ ಮಾಡಿದೆ. ಸಿಎನ್‌ಸಿ ಯಂತ್ರ ಮುಟ್ಟುವಂತಿಲ್ಲ, ಡ್ರಾಯಿಂಗ್ ನೋಡುವಂತಿಲ್ಲ. ಮೇಲ್ವಿಚಾರಕರನ್ನು ಕೇಳಿದರೆ "ಶಾಪ್ ಫ್ಲೋರ್ ನೋಡುತ್ತಿರಿ" ಎನ್ನುತ್ತಿದ್ದರು. ಎರಡು ವಾರ ನೋಡಿದೆ. ಯಂತ್ರ ನಿಂತ ಸಮಯ ಬರೆದುಕೊಳ್ಳಲು ಹೋದಾಗ ಆಪರೇಟರುಗಳು ನನ್ನನ್ನು ಮ್ಯಾನೇಜರ್ ಕಡೆಯ ಗೂಢಚಾರನೆಂದುಕೊಂಡು ಮಾತು ನಿಲ್ಲಿಸಿದರು. ಟೂಲ್ ಸ್ಟೋರ್ಸಿನ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಕೊಡುತ್ತೇನೆಂದರೆ ಸ್ಟೋರ್ಸಿನವರು ಬೀಗದ ಕೈ ಜೇಬಿಗೆ ಹಾಕಿಕೊಂಡರು. ಗೆಳೆಯರಂತೂ "ಸರ್ಟಿಫಿಕೇಟ್ ಹೇಗೂ ಬರುತ್ತದೆ, ಸುಮ್ಮನೆ ಕುಳಿತುಕೋ" ಎಂದರು.

ಆಗ ತಿಳಿದದ್ದು ಇಷ್ಟು: ಯಾರ ಹೊಣೆಯೂ ಅಲ್ಲದ, ಯಾರನ್ನೂ ದೂರದಂಥ ಕೆಲಸ ಹಿಡಿಯಬೇಕು. ಇಡೀ ಶಾಪಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ಅಂಥದ್ದು. ನಮ್ಮಲ್ಲಿದ್ದದ್ದು 37 ಕಿಲೋವಾಟ್‌ನ ಸ್ಕ್ರೂ ಕಂಪ್ರೆಸರ್. ಬಿಲ್ ಕಟ್ಟುವವರು ಬೇರೆ, ಗಾಳಿ ಬಳಸುವವರು ಬೇರೆ. ಸೋರಿಕೆಯ ಸದ್ದು ಪಾಳಿಯ ಗದ್ದಲದಲ್ಲಿ ಮುಚ್ಚಿಹೋಗಿರುತ್ತದೆ.

ಸೋರಿಕೆ ಅಳೆಯುವ ಪರೀಕ್ಷೆ ಸರಳ: ಗಾಳಿಯ ಬಳಕೆ ಪೂರ್ತಿ ನಿಂತಿರುವಾಗ ಕಂಪ್ರೆಸರ್ ಎಷ್ಟು ಹೊತ್ತು ಲೋಡ್ ಆಗಿ ಗಾಳಿ ತುಂಬುತ್ತದೆ, ಎಷ್ಟು ಹೊತ್ತು ಅನ್‌ಲೋಡ್ ಆಗಿ ಗಾಳಿ ತುಂಬದೆ ಸುಮ್ಮನೆ ತಿರುಗುತ್ತದೆ ಎಂದು ಅಳೆಯುವುದು. ಬಳಕೆಯೇ ಇಲ್ಲದಾಗ ತುಂಬುವ ಗಾಳಿಯೆಲ್ಲ ಸೋರಿಕೆಗೇ ಹೋಗುವಂಥದ್ದು. ಊಟದ ಬಿಡುವಿನಲ್ಲಿ ಅಳೆದರೆ ಪ್ರಯೋಜನವಿಲ್ಲ, ಯಾರಾದರೊಬ್ಬರು ಏರ್‌ಗನ್ ಒತ್ತುತ್ತಲೇ ಇರುತ್ತಾರೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಸಮಯ ಹೊಂದುವುದಿಲ್ಲ. ರಾತ್ರಿ ಹತ್ತಕ್ಕೆ ಎರಡನೇ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಕಂಪ್ರೆಸರ್ ಓಡಲಿ ಎಂದು ನಿರ್ವಹಣೆಯ ಹಿರಿಯ ಟೆಕ್ನಿಷಿಯನ್ನರನ್ನು ಕೇಳಿದೆ. "ಇಷ್ಟು ವರ್ಷದಿಂದ ಹೀಗೇ ಓಡುತ್ತಿದೆ ತಮ್ಮಾ, ನೀನು ಬಂದು ಏನು ಮಾಡುತ್ತೀಯ?" ಎಂದು ನಕ್ಕರು. ಆದರೂ ಒಪ್ಪಿದರು. ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಎಚ್ಚರಿಕೆ. ಯಂತ್ರ ಕೆಲಸ ನಿಲ್ಲಿಸಿದ್ದರೂ ವಿದ್ಯುತ್ ಇದ್ದರೆ ಸ್ಪಿಂಡಲಿನೊಳಗೆ ಕೊಳೆ ಸೇರದಂತೆ ಊದುವ ಗಾಳಿ, ಅಂದರೆ ಏರ್ ಪರ್ಜ್, ಹೋಗುತ್ತಲೇ ಇರುತ್ತದೆ. ಅದು ಸೋರಿಕೆಯಲ್ಲ, ಆದರೆ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕಾಗಿ ಯಂತ್ರಗಳನ್ನು ಪೂರ್ತಿ ಆಫ್ ಮಾಡಿಸಿದೆ. ಯಂತ್ರಕ್ಕೆ ಹೋಗುವ ಗಾಳಿಯನ್ನು ಸೋಸಿ ಒತ್ತಡ ಹೊಂದಿಸುವ ಎಫ್‌ಆರ್‌ಎಲ್‌ಗೆ ಮುಂಚಿನ ವಾಲ್ವ್ ಮುಚ್ಚಿದರೂ ಪರ್ಜ್ ನಿಲ್ಲುತ್ತದೆ, ಆದರೆ ಆಗ ಯಂತ್ರದೊಳಗಿನ ಸೋರಿಕೆ ಅಳತೆಗೆ ಸಿಗುವುದಿಲ್ಲ.

ನೆನಪಿನ ಪ್ರಕಾರ ಲೋಡ್ ಅರ್ಧ ನಿಮಿಷ, ಅನ್‌ಲೋಡ್ ಐವತ್ತು ಸೆಕೆಂಡು. ಲೋಡಿನ ಮೂವತ್ತನ್ನು ಎರಡೂ ಸೇರಿದ ಎಂಬತ್ತರಿಂದ ಭಾಗಿಸಿದರೆ ಶೇಕಡಾ 37ರ ಮೇಲೆ. ಅಂದರೆ ಕಂಪ್ರೆಸರಿನ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಸೋರಿಹೋಗುತ್ತಿತ್ತು.

ಮುಂದಿನ ರಾತ್ರಿಗಳಲ್ಲಿ ಸಾಬೂನು ನೀರಿನ ಬಾಟಲಿ ಹಿಡಿದು ನಡೆದೆ. ಹೆಚ್ಚಿನ ಸೋರಿಕೆ ಸಿಕ್ಕಿದ್ದು ಏರ್‌ಗನ್ನಿನ ಕ್ವಿಕ್ ಕಪ್ಲರ್‌ಗಳಲ್ಲಿ ಮತ್ತು ಪಿಯು ಟ್ಯೂಬಿನ ಪುಶ್ ಫಿಟ್ಟಿಂಗ್‌ಗಳಲ್ಲಿ. ಟ್ಯೂಬನ್ನು ಕಟ್ಟರಿನಿಂದ ನೇರವಾಗಿ ಕತ್ತರಿಸದೆ ಬ್ಲೇಡಿನಿಂದ ಓರೆಯಾಗಿ ಕೊಯ್ದರೆ ತುದಿ ಒಳಗಿನ ಓ ರಿಂಗಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಕೆಲವು ಕಡೆ ಹೊಸ ಫಿಟ್ಟಿಂಗ್ ಬೇಕಾಗಲೇ ಇಲ್ಲ. ತುದಿಯನ್ನು ಒಂದು ಇಂಚು ನೇರ ಕತ್ತರಿಸಿ ಮತ್ತೆ ಒತ್ತಿದರೆ ಸಾಕಾಯಿತು. ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು.

ಸೋರಿಕೆ ಮುಚ್ಚಿದ ಮೇಲೆ ಲೋಡ್ 23 ಸೆಕೆಂಡು, ಅನ್‌ಲೋಡ್ 160ರ ಹತ್ತಿರ. ಶೇಕಡಾ 12ಕ್ಕೆ ಇಳಿಯಿತು.

ಹಣದ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಸೋರಿಕೆ 25 ಅಂಶ ಇಳಿಯಿತು, ಹಾಗಾದರೆ ಲೋಡ್‌ನಲ್ಲಿ ಎಳೆಯುವ 40 ಕಿಲೋವಾಟಿನ ಕಾಲು ಭಾಗ ಹತ್ತು ಉಳಿಯಿತು ಎಂದು ಬರೆದುಬಿಡುತ್ತಾರೆ. ಅನ್‌ಲೋಡ್ ಆದರೂ ಮೋಟರ್ ತಿರುಗುತ್ತಲೇ ಇರುತ್ತದಲ್ಲ! ನಮ್ಮ ಮೀಟರಿನಲ್ಲಿ ಲೋಡ್‌ಗೆ ಸುಮಾರು 40, ಅನ್‌ಲೋಡ್‌ಗೆ 12 ಕಿಲೋವಾಟ್ ತೋರಿಸುತ್ತಿತ್ತು. ಉಳಿಯುವುದು ಈ ಎರಡರ ವ್ಯತ್ಯಾಸವಾದ 28ರ ಕಾಲು ಭಾಗ, ಅಂದರೆ 7. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ, ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೆ 22 ಸಾವಿರದಷ್ಟು. ಕ್ಲಾಂಪ್ ಮೀಟರಿನ ಆಂಪಿಯರ್ ನಂಬಬೇಡಿ. ಅನ್‌ಲೋಡ್‌ನಲ್ಲಿ ಪವರ್ ಫ್ಯಾಕ್ಟರ್ ಬಿದ್ದಿರುತ್ತದೆ, ಉಳಿತಾಯ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಲೆಕ್ಕಪತ್ರ ವಿಭಾಗದವರು ನನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು, ತಪ್ಪು ಸಿಗಲಿಲ್ಲ.

ಉತ್ಸಾಹ ಹೆಚ್ಚಾಗಿ ಒತ್ತಡವನ್ನೂ 7.5 ಬಾರ್‌ನಿಂದ 6.5ಕ್ಕೆ ಇಳಿಸಿ ನೋಡೋಣವೆಂದು ಒಪ್ಪಿಸಿದೆ. ಲೈನಿನ ಕೊನೆಯಲ್ಲಿದ್ದ ನ್ಯೂಮ್ಯಾಟಿಕ್ ಫಿಕ್ಸ್ಚರ್ ಮರುದಿನವೇ ಅಲಾರಂ ಹೊಡೆಯಿತು, 7ರಲ್ಲಿ ನಿಲ್ಲಿಸಿದೆವು.

ಉಳಿದ ಶೇಕಡಾ 12ರಲ್ಲಿ ಬಹುಪಾಲು ಸೂರಿನಡಿಯ ಹಳೆಯ ಜಿಐ ಪೈಪಿನ ಥ್ರೆಡ್ ಜೋಡಣೆಗಳದ್ದು. ಅದಕ್ಕೆ ವಾರ್ಷಿಕ ಶಟ್‌ಡೌನ್ ಬೇಕು. ಅಗ್ಗದ ಕಪ್ಲರ್‌ಗಳು ತಿಂಗಳೊಳಗೆ ಮತ್ತೆ ಸೋರಲು ಶುರು ಮಾಡಿದ್ದರಿಂದ ಈಗ ನಿರ್ವಹಣೆಯವರೇ ತಿಂಗಳಿಗೊಮ್ಮೆ ರಾತ್ರಿ ಪರೀಕ್ಷೆ ಮಾಡುತ್ತಾರೆ. ಗೋಡೆಗೆ ಅಂಟಿಸಿರುವ ನಮೂನೆ ನಾನು ಮಾಡಿಕೊಟ್ಟದ್ದೇ.